ಎರಡನೇ ದಿನದ ನೋವು

ನನ್ನ ಮೊಮ್ಮಗಳು ಈಗ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಈ ಒಂದು ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ತರಕಾರಿ ತೂಗುವವನಿಗೆ ಹೇಳಿದ್ದೇನೆ. ಕೋಟೆ ಕಡೆ ದೇವಸ್ಥಾನದ ಬಾಗಿಲಲ್ಲಿ ಹೂ ಮಾರುವ ಹೆಂಗಸಿಗೆ ಹೇಳಿದಾಗ ಅವಳು ನಗುತ್ತಾ, "ಹೋದ ಸೋಮವಾರನೂ ಹೇಳಿದ್ರಲ್ಲ ಅಮ್ಮ, ಮೊಳ ಎಷ್ಟು ಕೊಡ್ಲಿ ಅಷ್ಟು ಹೇಳಿ" ಅಂದಳು. ನಾನೂ ನಕ್ಕೆ. ಎರಡು ಮೊಳ ಹೆಚ್ಚಿಗೆ ತೆಗೆದುಕೊಂಡು ಬಂದೆ. ಸಂತೋಷ ತಡೆಯಲಾಗದವರು ಏನಾದರೂ ಹೆಚ್ಚಿಗೆ ಕೊಳ್ಳಲೇಬೇಕಾಗುತ್ತದೆ.

ಆದರೆ ಆ ಹೂವನ್ನು ಮನೆಗೆ ತಂದು ನಮ್ಮನೆಯವರ ಫೋಟೋಕ್ಕೆ ಹಾಕುವಾಗ ಕೈ ನಿಲ್ಲುತ್ತದೆ. ಈ ಸುದ್ದಿಯನ್ನು ಮೊದಲು ಕೇಳಬೇಕಾಗಿದ್ದ ಮನುಷ್ಯ ಗೋಡೆಯ ಮೇಲಿದ್ದಾರೆ. ಅವರಿಗೆ ನಾನು ಹೇಳಬೇಕಾದದ್ದು ಬರೀ ಕೆಲಸದ ಸುದ್ದಿಯಲ್ಲ. ಇನ್ನೊಂದಿದೆ. ಅದನ್ನು ಹೇಳಬೇಕಾದರೆ ಶಿವಮೊಗ್ಗದ ರಾಗಿಗುಡ್ಡದ ಕಥೆ ಹೇಳಬೇಕು.

ನಮ್ಮನೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫರ್ನೇಸಿನ ಮುಂದೆ ಆಯುಸ್ಸು ಕಳೆದವರು. ಅವರ ಕೆಲಸ ಕಬ್ಬಿಣ ಕಾಯಿಸುವುದು ಅಂತ ಎಲ್ಲರೂ ತಿಳಿದಿದ್ದರು. ಅವರು ಒಪ್ಪುತ್ತಿರಲಿಲ್ಲ. ಕಾಯಿಸೋದು ಯಾರು ಬೇಕಾದರೂ ಮಾಡುತ್ತಾರೆ, ನನ್ನದು ಕಾದದ್ದನ್ನು ಆರಿಸುವ ಕೆಲಸ ಅನ್ನುತ್ತಿದ್ದರು. ಕೆಂಪಗೆ ಕಾದ ದೊಡ್ಡ ತುಂಡನ್ನು ತಟ್ಟನೆ ಹೊರಗೆ ತೆಗೆದರೆ ಮೈಮೇಲೆ ಬಿರುಕು ಬಿಡುತ್ತದಂತೆ. ಅದಕ್ಕೇ ಬೆಂಕಿ ಆರಿಸಿ, ಬಾಗಿಲು ಮುಚ್ಚಿ, ಒಲೆಯೊಳಗೇ ತಾನಾಗಿ ತಣ್ಣಗಾಗಲು ಬಿಡಬೇಕಂತೆ. ಒಮ್ಮೊಮ್ಮೆ ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಅವಸರದವರಿಗೆ ಆ ಸೆಕ್ಷನ್ ಅಲ್ಲ ಅನ್ನುತ್ತಿದ್ದರು. ಮನೆಯಲ್ಲೂ ಹಾಗೇ. ಕಾದ ಹಾಲಿನ ಪಾತ್ರೆಯನ್ನು ನಾನು ತಣ್ಣೀರಿನಲ್ಲಿಟ್ಟರೆ ಅವರಿಗೆ ಸಂಕಟ. ಹಾಲು ಬಿರುಕು ಬಿಡುತ್ತೇನ್ರೀ ಅಂತ ನಾನು ರೇಗಿಸುತ್ತಿದ್ದೆ.

ಮಗಳ ಸಂಸಾರ ಶಿವಮೊಗ್ಗದ ರವೀಂದ್ರನಗರದಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ. ಮೊಮ್ಮಗಳು ಅಲ್ಲೇ ಶಾಲೆಗೆ ಹೋಗುತ್ತಿದ್ದಳು. ರಜ ಬಂತೆಂದರೆ ಭದ್ರಾವತಿಗೆ, ನಮ್ಮ ಹತ್ತಿರ. ಹೆಣ್ಣುಮಗು ಖೊಖೊದಲ್ಲಿ ಎಂಥ ಚುರುಕು ಅಂತೀರಿ. ಖೊಖೊ ನೋಡದವರಿಗೆ ಹೇಳುತ್ತೇನೆ. ಸಾಲಾಗಿ ಕುಕ್ಕರಗಾಲಿನಲ್ಲಿ ಕೂತಿರಬೇಕು, ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ "ಖೊ" ಅಂದ ಕೂಡಲೇ ಎದ್ದು ಎದುರು ಟೀಮಿನವಳ ಹಿಂದೆ ಓಡಬೇಕು. ಓಡುವುದರಲ್ಲಿ ಇವಳಿಗಿಂತ ಜೋರಿನವರು ಇದ್ದರು. ಏಳುವುದರಲ್ಲಿ ಇರಲಿಲ್ಲ. ಬಿಸಿ ಬಾಣಲೆಗೆ ಬಿದ್ದ ಸಾಸಿವೆ ಹಾಗೆ ಏಳುತ್ತಿದ್ದಳು. ಕಾರ್ಖಾನೆಯ ಕ್ವಾರ್ಟರ್ಸಿನ ಮೈದಾನದಲ್ಲಿ ಅವಳು ಆಡುವಾಗ ಪಕ್ಕದ ತಮಿಳಿನವರ ಮನೆಯ ಪಾಟಿ ಅಜ್ಜಿ ಕೂಡ ಒಲೆ ಬಿಟ್ಟು ಬಂದು ನಿಲ್ಲುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮನೆಯವರಿಗೆ ರಿಟೈರಾಗಿತ್ತು. ಕೈಗೆ ಕೆಲಸವಿಲ್ಲದೆ ಮನೆಯ ಬಾಗಿಲು ಕಿಟಕಿಗಳಿಗೆಲ್ಲ ಎಣ್ಣೆ ಹಾಕುತ್ತಾ ತಿರುಗುತ್ತಿದ್ದ ಮನುಷ್ಯ ಮೊಮ್ಮಗಳ ಕೋಚಾದರು. ಯಾರೂ ಮಾಡಲಿಲ್ಲ, ಅವರೇ ಆದರು. ಒಂದು ಸಾರಿ ಅವಳು, ನಮ್ಮ ಪಿಟಿ ಮೇಷ್ಟ್ರು ಆಟ ಮುಗಿದ ಮೇಲೆ ಕೂಲ್ ಡೌನ್ ಮಾಡಿಸ್ತಾರೆ ಅಂದಳು. ತಟ್ಟನೆ ನಿಲ್ಲಬಾರದು, ಮೆಲ್ಲಗೆ ಓಡಿ, ಆಮೇಲೆ ನಡೆದು, ಕೈಕಾಲು ಎಳೆದು ಸಡಿಲ ಮಾಡಿ ಆಮೇಲೆ ಕೂರಬೇಕು, ಹಾಗೆ ಮಾಡಿದರೆ ಮಾರನೇ ದಿನ ಮೈಕೈ ನೋವು ಬರಲ್ಲವಂತೆ ಅಂತ ವಿವರಿಸಿದಳು. ಇವರ ಮುಖ ನೋಡಬೇಕಿತ್ತು. ಜೀವಮಾನವೆಲ್ಲ ತಾನು ಮಾಡಿದ ಕೆಲಸವನ್ನೇ ಯಾರೋ ಇಂಗ್ಲಿಷಿನಲ್ಲಿ ಹೇಳಿದ ಹಾಗಾಗಿತ್ತು ಅವರಿಗೆ. "ನೋಡ್ದೇನೇ ಮಾರಾಯ್ತಿ," ಅಂದರು ನನಗೆ, "ಕಬ್ಬಿಣ ಆದ್ರೇನು, ಕಾಲಾದ್ರೇನು. ಕಾದದ್ದನ್ನ ಮೆಲ್ಲಗೆ ಆರಿಸ್ಬೇಕು."

ಅಂದಿನಿಂದ ಆ ಹುಡುಗಿಗೆ ಆಡುವುದಕ್ಕಿಂತ ಆರುವುದೇ ಹೆಚ್ಚಾಯಿತು. ಮೈದಾನಕ್ಕೆ ಮೆಲ್ಲಗೆ ಸುತ್ತು ಹಾಕಿಸುವುದು, ನಡೆಸುವುದು, ಕಾಲು ಎಳೆಸುವುದು, ಬೆವರು ಒಣಗುವ ತನಕ ಫ್ಯಾನ್ ಕೆಳಗೆ ಬಿಡದಿರುವುದು. ಅವಳೂ ಅಜ್ಜನ ಹಿಂದೆ ನಗುತ್ತಾ ನಡೆಯುತ್ತಿದ್ದಳು. ದಿನಾ ಆಡಿದ ಆಟವೇ ಆದ್ದರಿಂದ ನೋವು ಹೆಚ್ಚು ಬರುತ್ತಿರಲಿಲ್ಲ. ನಾವು ಅದೆಲ್ಲ ಆರಿಸಿದ್ದರ ಪುಣ್ಯ ಅಂತ ತಿಳಿದೆವು.

ಆ ವರ್ಷ ಸರ್ಕಾರದ ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುವುದಕ್ಕೆ ಶಿವಮೊಗ್ಗದಲ್ಲಿ ಸೆಲೆಕ್ಷನ್ ಇತ್ತು. ಅಲ್ಲಿ ಸೇರಿದರೆ ಊಟ, ವಸತಿ, ಓದು, ದಿನಾ ಎರಡು ಹೊತ್ತು ಕೋಚಿಂಗ್. ಮೊಮ್ಮಗಳು ಆ ಹಾಸ್ಟೆಲಿನ ಕನಸು ಕಾಣುತ್ತಾ ಒಂದು ವರ್ಷ ಕಳೆದಿದ್ದಳು. ಅಲ್ಲಿ ಕೊಡುವ ನೀಲಿ ಟ್ರ್ಯಾಕ್ ಸೂಟಿನ ಬಣ್ಣ ಕೂಡ ಅವಳಿಗೆ ಗೊತ್ತಿತ್ತು. ಅವಳ ವಯಸ್ಸಿನವರಿಗೆ ಅದೇ ಕೊನೆಯ ಅವಕಾಶ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಸೆಲೆಕ್ಷನ್ ಶನಿವಾರ ಬೆಳಗ್ಗೆ. ನಾವಿಬ್ಬರೂ ಬುಧವಾರವೇ ಭದ್ರಾವತಿಯಿಂದ ಹೊರಟು ಮಗಳ ಮನೆ ಸೇರಿದೆವು. ನಾನು ಶೇಂಗಾ ಬೆಲ್ಲದ ಉಂಡೆ ಕಟ್ಟಿಕೊಂಡು ಹೋಗಿದ್ದೆ. ಇವರು ಒಂದು ಯೋಜನೆ ಕಟ್ಟಿಕೊಂಡು ಬಂದಿದ್ದರು.

ಅವರ ಯೋಜನೆ ಅವರಿಗೆ ಸರಿಯಾಗೇ ಕಂಡಿತ್ತು. ತುಂಡನ್ನು ಕೊನೆಯ ಸಾರಿ ಚೆನ್ನಾಗಿ ಕಾಯಿಸಿ, ಆಮೇಲೆ ಪೂರ್ತಿ ಆರಲು ಬಿಟ್ಟರೆ ಅದರೊಳಗಿನ ಬಿಗುವೆಲ್ಲ ಹೋಗಿ ಹದ ಬರುತ್ತದೆ. ಹಾಗೇ ಗುರುವಾರ ಇವಳನ್ನು ಚೆನ್ನಾಗಿ ದಣಿಸುವುದು, ದಣಿಸಿ ಮೆಲ್ಲಗೆ ಆರಿಸುವುದು, ಶುಕ್ರವಾರ ಪೂರ್ತಿ ವಿಶ್ರಾಂತಿ, ಶನಿವಾರ ಸಾಸಿವೆ ಸಿಡಿಯುವುದು. ಗುರುವಾರ ಬೆಳಗ್ಗೆ ನಾವು ಮೂವರೂ ರಾಗಿಗುಡ್ಡಕ್ಕೆ ಹೋದೆವು. ನಾನು ಕೆಳಗೆ ಒಂದು ಬಂಡೆಯ ಮೇಲೆ ನೀರಿನ ಬಾಟಲಿ ಹಿಡಿದು ಕೂತೆ. ಹತ್ತುವುದು ಕಷ್ಟದ ಕೆಲಸ, ಮಗುವಿಗೆ ಉಸಿರು ಕಟ್ಟಬಾರದು ಅಂತ ಇವರು ಹತ್ತುವಾಗ ನಡೆಯಲು ಹೇಳಿದರು. ಇಳಿಯುವುದು ಸುಲಭವಲ್ಲವೇ, ಅಲ್ಲಿ ಓಡು ಅಂದರು. ಅವಳು ನಡೆದು ಹತ್ತಿದಳು, ಓಡಿ ಇಳಿದಳು. ಮತ್ತೆ ನಡೆದು ಹತ್ತಿದಳು, ಮತ್ತೆ ಓಡಿ ಇಳಿದಳು. ಜಡೆ ಹಾರುತ್ತಿತ್ತು. ಇಳಿಜಾರಿನಲ್ಲಿ ಪಾದ ಊರಿ ಊರಿ ತನ್ನನ್ನು ತಾನೇ ತಡೆಯುತ್ತಾ ನನ್ನ ಬಂಡೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಸಾಕು ಅನ್ನುವಷ್ಟು ಆದ ಮೇಲೂ ಇನ್ನೊಂದು ಸಾರಿ ಅಜ್ಜ ಅಂದವಳು ಅವಳೇ.

ಆಮೇಲಿನ ಆರಿಸುವಿಕೆ ಒಂದು ಪೂಜೆಯ ಹಾಗೆ ನಡೆಯಿತು. ಸಮತಟ್ಟಾದ ಜಾಗದಲ್ಲಿ ಮೆಲ್ಲನೆಯ ಓಟ. ಆಮೇಲೆ ನಡಿಗೆ, ಇವರೂ ಪಕ್ಕದಲ್ಲಿ. ಆಮೇಲೆ ಹಿಮ್ಮಡಿ ಹಿಡಿದು ತೊಡೆ ಎಳೆಯುವುದು, ಕೂತು ಕಾಲ್ಬೆರಳು ಮುಟ್ಟುವುದು. ಒಂದನ್ನೂ ಬಿಡಲಿಲ್ಲ. ಅವಳ ಉಸಿರು ತಗ್ಗಿತು, ಮುಖದ ಕೆಂಪು ಇಳಿಯಿತು, ಹಾಯಾಗಿದೆ ಅಜ್ಜ ಅಂದಳು. ಇವರು ನನ್ನ ಕಡೆ ತಿರುಗಿ, "ಇದು ಆರಿಸಿದ ಮೈ ಕಣೇ. ಬಿರುಕು ಬಿಡಲ್ಲ" ಅಂದರು. ಹಾಯಾದದ್ದು ನಿಜ. ಅವಳು ದಾರಿಯುದ್ದಕ್ಕೂ ಹಾಡಿಕೊಂಡೇ ಮನೆಗೆ ಬಂದಳು.

ಶುಕ್ರವಾರ ಎದ್ದಾಗ ತೊಡೆ ಸ್ವಲ್ಪ ಬಿಗಿದಿದೆ ಅಂದಳು. ಬಿಗಿದದ್ದು ಒಳ್ಳೆಯದೇ, ಹದ ಬರುತ್ತಿದೆ ಅಂದರು ಇವರು. ಮಧ್ಯಾಹ್ನದ ಹೊತ್ತಿಗೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತವಳು ಏಳುವಾಗ ನೆಲಕ್ಕೆ ಕೈಯೂರಿದಳು. ನಾನು ಬಿಸಿನೀರು ಹುಯ್ದೆ, ಕೊಬ್ಬರಿ ಎಣ್ಣೆ ತಿಕ್ಕಿದೆ. ತಿಕ್ಕಿದಾಗ ಮುಟ್ಟಬೇಡ ಅಜ್ಜಿ ಅಂತ ಕಾಲು ಎಳೆದುಕೊಂಡಳು. ಇವರು ಅವಳನ್ನು ಮಹಡಿಯ ವರಾಂಡದಲ್ಲೇ ಮತ್ತೆ ಮೆಲ್ಲಗೆ ನಡೆಸಿದರು, ಮತ್ತೆ ಎಳೆಸಿದರು. ನಡೆಯುವಾಗ ಸ್ವಲ್ಪ ಸಡಿಲವಾಗುತ್ತಿತ್ತು, ಕೂತು ಎದ್ದರೆ ಮತ್ತೆ ಅದೇ. ನಾಳೆಗೆ ಸರಿ ಹೋಗುತ್ತೆ ಅಂತ ಮನೆಯವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡೆವು. ನೋವು ಅಂದರೆ ಮೊದಲ ದಿನವೇ ಹೆಚ್ಚು, ಆಮೇಲೆ ಇಳಿಯುವುದು ಅಂತ ನಮ್ಮ ಲೆಕ್ಕ. ಇದು ಅದಲ್ಲ, ಇದು ಎರಡನೇ ದಿನ ಏರುವ ನೋವು ಅಂತ ಹೇಳುವವರು ಆ ಮನೆಯಲ್ಲಿ ಇರಲಿಲ್ಲ.

ಶನಿವಾರ ಬೆಳಗ್ಗೆ ಅವಳು ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು ಒಂದು ಕಾಲು ಕೆಳಗಿಟ್ಟಳು. ಮಂಡಿ ಮಡಿಸುತ್ತಿದ್ದಂತೆ ಮುಖ ಹಿಂಡಿತು. ಕಂಬಿ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಯೋಚನೆ ಮಾಡಿ, ತಿರುಗಿ ನಿಂತು ಹಿಮ್ಮುಖವಾಗಿ ಇಳಿಯತೊಡಗಿದಳು. ಹಾಗೆ ಇಳಿದರೆ ನೋವು ಕಮ್ಮಿಯಂತೆ. ಕೆಳಗಿನ ಮನೆಯ ಹುಡುಗರು ನೋಡಿ ನಕ್ಕರು, ಅವಳೂ ನಕ್ಕಳು, ನಾನೂ ನಕ್ಕೆ. ಇವರು ನಗಲಿಲ್ಲ. ಕೆಳಗೆ ಅವಳ ಶೂ ಹಿಡಿದು ನಿಂತಿದ್ದವರು ಆ ಶೂಗಳನ್ನೇ ನೋಡುತ್ತಿದ್ದರು.

ಸ್ಟೇಡಿಯಮ್ಮಿನಲ್ಲಿ ಮಕ್ಕಳು ತುಂಬಿದ್ದರು. ಮೊದಲು ಓಟ. ಸ್ವಲ್ಪ ಮೈ ಬಿಸಿಯಾದ ಮೇಲೆ ಅವಳು ಹೇಗೋ ಓಡಿದಳು, ಮಧ್ಯದಲ್ಲಿ ಬಂದಳು. ಆಮೇಲೆ ಆಟ. ಸಾಲಿನಲ್ಲಿ ಅವಳನ್ನು ಕುಕ್ಕರಗಾಲಿನಲ್ಲಿ ಕೂರಿಸಿದರು. ಕೂರುವುದಕ್ಕೇ ಅವಳು ಕೈ ಊರಿದ್ದನ್ನು ನಾನು ಕಂಡೆ. ಹಿಂದಿನಿಂದ ಒಬ್ಬಳು ಬಂದು "ಖೊ" ಅಂದಳು.

ಅವಳು ಏಳಲಿಲ್ಲ. ಏಳಲಿಲ್ಲ ಅಂದರೆ ತಪ್ಪು, ಎದ್ದಳು. ಅಂಗೈಯನ್ನು ನೆಲಕ್ಕೆ ಊರಿ, ಸೊಂಟ ಎತ್ತಿ, ಆಮೇಲೆ ಮೈ ಎತ್ತಿ, ನನ್ನ ಹಾಗೆ ಎದ್ದಳು. ಅಷ್ಟರಲ್ಲಿ ಓಡುತ್ತಿದ್ದ ಹುಡುಗಿ ಕಂಬ ದಾಟಿ ಹೋಗಿದ್ದಳು. ಇನ್ನೊಂದು ಸಾರಿಯೂ ಅದೇ. ಮೂರನೆಯ ಸಾರಿ ಅವಳು ಏಳುವ ಮೊದಲೇ ಅಳುತ್ತಿದ್ದಳು.

ಸೆಲೆಕ್ಷನ್ ಮಾಡುವವರಲ್ಲಿ ಒಬ್ಬ ಕೋಚ್ ಮೇಡಂ ಇದ್ದರು, ಗಟ್ಟಿ ಮೈಕಟ್ಟಿನ ಹೆಂಗಸು, ಕೊರಳಲ್ಲಿ ಸೀಟಿ. ಅವರು ಅವಳನ್ನು ಪಕ್ಕಕ್ಕೆ ಕರೆದು ತೊಡೆಯ ಮೇಲೆ ಹೆಬ್ಬೆರಳು ಒತ್ತಿದರು. ಅವಳು ಹಲ್ಲು ಕಚ್ಚಿದಳು. ಮೇಡಂ ನಿನ್ನೆ ಏನು ಮಾಡಿದೆ ಅಂತ ಕೇಳಲಿಲ್ಲ. ಅದು ನನಗೆ ಇವತ್ತಿಗೂ ಮರೆತಿಲ್ಲ.

"ಮೊನ್ನೆ ಏನು ಮಾಡ್ದೆ?" ಅಂದರು.

ಅಷ್ಟರಲ್ಲಿ ಇವರು ಬೇಲಿ ದಾಟಿ ಅಲ್ಲಿಗೆ ಹೋಗಿಬಿಟ್ಟಿದ್ದರು. ಗುಡ್ಡ ಹತ್ತಿಸಿದ್ದು, ಇಳಿಸಿದ್ದು ಹೇಳಿದರು. ಆಮೇಲೆ ಕೈ ಮುಗಿದು ಅಂದರು, "ಆದ್ರೆ ಮೇಡಂ, ಚೆನ್ನಾಗಿ ಆರಿಸಿದೀನಿ. ಕೂಲ್ ಡೌನ್ ಒಂದೂ ಬಿಟ್ಟಿಲ್ಲ."

ಮೇಡಂ ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು. "ಆರಿಸಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ ಅಜ್ಜ," ಅಂದರು. "ಕೂಲ್ ಡೌನ್ ಉಸಿರಿಗೆ, ಎದೆಬಡಿತಕ್ಕೆ ಒಳ್ಳೇದು. ಈ ನೋವನ್ನ ಅದು ತಡೆಯಲ್ಲ, ಬೇಗ ಕಳಿಸೋದೂ ಇಲ್ಲ. ಇಳಿಯೋವಾಗ ತೊಡೆ ಬ್ರೇಕ್ ಹಾಕ್ತಾ ಇರುತ್ತೆ. ಅಭ್ಯಾಸ ಇಲ್ದೇ ಅಷ್ಟು ಇಳಿಸಿದ್ರೆ ಎರಡನೇ ದಿನ ಹೀಗೇ."

ಇವರು ಹಾಗಾದರೆ ಯಾವಾಗ ಸರಿ ಹೋಗುತ್ತೆ ಅಂತ ಕೇಳಿದರು. ಕೇಳುವಾಗ ದನಿಯಲ್ಲಿ ಇನ್ನೂ ಆಸೆಯಿತ್ತು.

"ಇನ್ನು ಮೂರ್ನಾಲ್ಕು ದಿನಕ್ಕೆ ಜಿಂಕೆ ಹಾಗೆ ಓಡ್ತಾಳೆ," ಅಂದರು ಮೇಡಂ. ಒಂದು ಕ್ಷಣ ಅವಳ ಜಡೆ ನೇವರಿಸಿದರು. "ಆದ್ರೆ ಸೆಲೆಕ್ಷನ್ ಇವತ್ತು."

ಹೆಸರು ಕೂಗಿದಾಗ ಅವಳ ಹೆಸರು ಬರಲಿಲ್ಲ. ಇದನ್ನು ಹಿಗ್ಗಿಸಿ ಹೇಳುವಂಥದ್ದೇನೂ ಇಲ್ಲ. ಬೇರೆ ಮಕ್ಕಳು ಚೆನ್ನಾಗಿ ಆಡಿದರು, ಅವರನ್ನು ತೆಗೆದುಕೊಂಡರು. ಮೇಡಂ ಹೇಳಿದ ಹಾಗೇ ಮುಂದಿನ ಬುಧವಾರ ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳಂತೆ. ಮಗಳು ಪಕ್ಕದ ಅಂಗಡಿಯಿಂದ ಫೋನ್ ಮಾಡಿ ಹೇಳಿದಳು, ಖುಷಿಯ ಸುದ್ದಿ ಅಂತ. ಇವರು ಕೇಳಿ ಊಟ ಬಿಟ್ಟು ಎದ್ದರು.

ನಮ್ಮನೆಯವರು ಮೇಡಂ ಮಾತನ್ನು ನಂಬಲಿಲ್ಲ. ಸೆಲೆಕ್ಷನ್ ಮುಗಿಸಿ ಭದ್ರಾವತಿಗೆ ಬರುವಾಗಲೇ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಲೆಕ್ಕ ಹಾಕುತ್ತಲೇ ಇದ್ದರು. ಇನ್ನೊಂದು ಸುತ್ತು ನಡೆಸಬೇಕಿತ್ತು. ಸಂಜೆಯೂ ಒಂದು ಸಾರಿ ಆರಿಸಬೇಕಿತ್ತು. ಅವರ ತಪ್ಪು ಗುಡ್ಡದಲ್ಲಿತ್ತು, ಅವರು ಹುಡುಕುತ್ತಿದ್ದದ್ದು ಆರಿಸಿದ್ದರಲ್ಲಿ. ಆಗ ನನಗಾದರೂ ಏನು ಗೊತ್ತಿತ್ತು.

ಹದಿನೈದು ದಿನ ಕಳೆದಿರಬೇಕು, ಒಂದು ಬೆಳಗ್ಗೆ ಅವರು ಹೊಳೆಗೆ ಹೋಗಿ ಬರುತ್ತೀನಿ ಅಂತ ಹೋದರು. ಬಂದದ್ದು ಊಟದ ಹೊತ್ತಿಗೆ, ಬನಿಯನ್ ಒದ್ದೆ. ಏನು ಮಾಡಿದಿರಿ ಅಂದರೆ ಹೇಳಲಿಲ್ಲ. ಎರಡನೇ ದಿನ ಬೆಳಗ್ಗೆ ಮಂಚದ ತುದಿಯಲ್ಲಿ ಪಂಚೆಯನ್ನು ತೊಡೆಯ ತನಕ ಎತ್ತಿ ಕೂತು ನನ್ನನ್ನು ಕರೆದರು. ಈ ವಯಸ್ಸಿನಲ್ಲಿ ಇದೇನ್ರೀ ಅಂದೆ. ನಗಬೇಡ, ಕೈ ಒರೆಸಿಕೊಂಡು ಬಾ ಅಂದರು.

ನಡೆದದ್ದು ಇಷ್ಟು. ಕಾರ್ಖಾನೆಯಲ್ಲಿ ಒಂದು ರೀತಿ ಸರಿಯೋ ತಪ್ಪೋ ತಿಳಿಯಬೇಕಾದರೆ ಒಂದೇ ಕಬ್ಬಿಣದ ಎರಡು ತುಂಡು ಕಾಯಿಸುತ್ತಿದ್ದರಂತೆ. ಒಂದನ್ನು ಹೀಗೆ ಆರಿಸುವುದು, ಇನ್ನೊಂದನ್ನು ಹಾಗೆ. ಆಮೇಲೆ ಪರೀಕ್ಷೆ ಮಾಡುವವನ ಮುಂದೆ ಇಡುವುದು, ಯಾವುದು ಯಾವುದು ಅಂತ ಅವನಿಗೆ ಹೇಳುವಂತಿಲ್ಲ. ಹೇಳಿದರೆ ಅವನ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಇವರು ಹೊಳೆಯ ಮೆಟ್ಟಿಲನ್ನು ಎರಡು ಕಾಲಿಗೂ ಸಮನಾಗಿ, ಭಾರ ಹಾಕಿ ಹಾಕಿ, ಮತ್ತೆ ಮತ್ತೆ ಇಳಿದಿದ್ದರು. ಆಮೇಲೆ ಕೂತು ಒಂದೇ ಕಾಲನ್ನು ಆರಿಸಿದ್ದರು. ಮೆಲ್ಲಗೆ ಬೀಸಿ, ಮಡಿಸಿ, ಎಳೆದು. ಇನ್ನೊಂದು ಕಾಲನ್ನು ಹಾಗೇ ಬಿಟ್ಟಿದ್ದರು. ಈಗ ಪರೀಕ್ಷೆ ಮಾಡುವವಳು ನಾನು.

"ಒತ್ತು," ಅಂದರು. "ಯಾವ್ದು ಆರಿಸಿದ್ದು ಅಂತ ಹೇಳು."

ಎಡ ತೊಡೆ ಒತ್ತಿದೆ. ಹಾ ಅಂದರು. ಬಲ ತೊಡೆ ಒತ್ತಿದೆ. ಹಾ ಅಂದರು. ಎರಡೂ ಕಡೆ ಮಾಂಸ ಹಲಗೆಯ ಹಾಗೆ ಬಿಗಿದಿತ್ತು. ಇನ್ನೂ ಮೆಲ್ಲಗೆ ಒತ್ತಿದೆ, ಜೋರಾಗಿ ಒತ್ತಿದೆ, ಮಂಡಿಯ ಮೇಲೆ, ಪಕ್ಕದಲ್ಲಿ. ಎದ್ದು ನಿಲ್ಲಿ ಅಂದೆ, ಒಂದೊಂದೇ ಕಾಲು ಮಡಿಸಿ ಅಂದೆ. ಎರಡೂ ಒಂದೇ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಡಾಕ್ಟರ ಮುಂದೆ ಕೂತವರು ನೋಡುವ ಹಾಗೆ. ನನಗೆ ಸುಳ್ಳು ಹೇಳುವ ಆಸೆಯಾಯಿತು. ಈ ಕಾಲು ಸ್ವಲ್ಪ ಮೆತ್ತಗಿದೆ ಕಣ್ರೀ ಅಂದುಬಿಡೋಣ, ಪಾಪ, ಒಂದು ರಾತ್ರಿಯಾದರೂ ನಿದ್ದೆ ಮಾಡಲಿ ಅನ್ನಿಸಿತು. ಆದರೆ ಯಾವ ಕಾಲು ಅಂತ ನನಗೆ ಗೊತ್ತಿರಲಿಲ್ಲವಲ್ಲ. ಸುಳ್ಳು ಹೇಳುವುದಕ್ಕೂ ಅವರು ದಾರಿ ಬಿಟ್ಟಿರಲಿಲ್ಲ.

"ಗೊತ್ತಾಗ್ತಿಲ್ಲ ಕಣ್ರೀ," ಅಂದೆ.

ಅವರು ಪಂಚೆ ಇಳಿಸಿಕೊಂಡರು. "ನಂಗೂ ಗೊತ್ತಾಗ್ತಿಲ್ಲ," ಅಂದರು. ತೊಡೆ ನೀವಿಕೊಳ್ಳುತ್ತಾ, "ಆ ಮೇಡಂ ಹೇಳಿದ್ದು ಸರಿ. ಕಾಲು ಕಬ್ಬಿಣ ಅಲ್ಲ."

ಆಮೇಲಿನ ಎರಡು ದಿನವೂ ಒತ್ತಿಸಿಕೊಂಡರು. ಬೇಗ ಬಿಡುವುದಾದರೂ ಯಾವುದಿರಬಹುದು ಅಂತ. ಎರಡೂ ಒಟ್ಟಿಗೇ ಇಳಿದವು, ಒಟ್ಟಿಗೇ ಬಿಟ್ಟವು.

ಅಲ್ಲಿಗೆ ಅವರು ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದರು. ಮೊಮ್ಮಗಳು ರಜಕ್ಕೆ ಬಂದಾಗ ಬಾ ಅಜ್ಜ ಅಂತ ಕೈ ಹಿಡಿದು ಎಳೆದಳು. ನಿಮ್ಮ ಮೇಷ್ಟ್ರು ಹೇಳಿದ ಹಾಗೆ ಮಾಡು ಪುಟ್ಟಿ, ನಂಗೆ ಬಿಸಿಲು ಆಗಲ್ಲ ಅಂದರು. ಫರ್ನೇಸಿನ ಮುಂದೆ ನಿಂತ ಮನುಷ್ಯನಿಗೆ ಬಿಸಿಲು ಆಗಲ್ಲವಂತೆ. ಅವಳು ಅಜ್ಜನ ಮೇಲೆ ಒಂದು ದಿನವೂ ಸಿಟ್ಟು ಮಾಡಿದವಳಲ್ಲ. ಕಾಲೇಜಿಗೆ ಹೋದಳು, ಕಾಲೇಜ್ ಟೀಮಿನಲ್ಲಿ ಆಡಿದಳು. ಕಪ್ ತಂದು ತೋರಿಸಿದರೆ ಒರೆಸಿ ಒರೆಸಿ ಇಡುತ್ತಿದ್ದರು. ಆಟ ನೋಡಲು ಮಾತ್ರ ಹೋಗಲಿಲ್ಲ. ಹಾಸ್ಟೆಲಿಗೆ ಹೋಗಿದ್ದರೆ ಇವಳು ಎಲ್ಲಿಯ ತನಕ ಹೋಗುತ್ತಿದ್ದಳೋ ಅಂತ ಒಂದು ಸಾರಿ ನನ್ನ ಹತ್ತಿರ ಅಂದರು, ಕಪ್ ಒರೆಸುತ್ತಾ. ಅವಳು ಡಿಗ್ರಿ ಮುಗಿಸುವ ಮೊದಲೇ ಅವರು ಹೋದರು.

ಆಮೇಲೆ ಅವಳು ಆಟದ ಟೀಚರಾಗುವ ಕೋರ್ಸಿಗೆ ಸೇರಿದಳು. ಒಂದು ಭಾನುವಾರ ಭದ್ರಾವತಿಗೆ ಬಂದವಳು ನನ್ನ ಪಕ್ಕ ಕೂತು ಅವರೆಕಾಳು ಬಿಡಿಸುತ್ತಾ ಪಾಠದ ವಿಷಯ ಹೇಳಿದಳು. ಆ ನೋವು ಮಾಂಸದ ಎಳೆಗಳಿಗೆ ಆದ ಸಣ್ಣ ಸಣ್ಣ ಏಟಿನಿಂದಂತೆ, ಅದು ವಾಸಿಯಾಗುವ ದಾರಿಯಲ್ಲಿ ನೋಯುತ್ತದಂತೆ. ಆಡಿದಾಗ ಮೈಯಲ್ಲಿ ಆಸಿಡ್ ನಿಂತು ಈ ನೋವು ಬರುತ್ತೆ ಅನ್ನುತ್ತಿದ್ದದ್ದು ಸುಳ್ಳಂತೆ, ಅದು ಒಂದೆರಡು ಗಂಟೆಯಲ್ಲೇ ಹೋಗಿಬಿಡುತ್ತದಂತೆ. ಕೂಲ್ ಡೌನಿನಿಂದ ನೋವಿನ ದಿನ ಕಮ್ಮಿಯಾಗಲ್ಲವಂತೆ. ಅದೆಲ್ಲ ನಿಮ್ಮಜ್ಜ ಕಂಡುಹಿಡಿದಾಗಿದೆ ಬಿಡೇ ಅಂತ ನಾನು ಕಾಲಿನ ಪರೀಕ್ಷೆಯ ಕಥೆ ಹೇಳಿದೆ. ಅವಳಿಗೆ ಅದು ಗೊತ್ತಿರಲಿಲ್ಲ. ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಕೇಳಿದಳು, "ಆಮೇಲೆ ಅಜ್ಜ ಮತ್ತೆ ಇಳಿದ್ರಾ?"

"ಎಲ್ಲಿಗೆ?"

"ಹೊಳೆ ಮೆಟ್ಟಿಲು. ನೋವು ಬಿಟ್ಟ ಮೇಲೆ ಇನ್ನೊಂದು ಸಾರಿ."

ಇಲ್ಲ ಅಂದೆ. ಯಾಕೆ ಇಳಿಯುತ್ತಾರೆ, ತಿಳಿಯಬೇಕಾದ್ದು ತಿಳಿಯಿತಲ್ಲ.

ಅವಳ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತು. "ಇಳಿದಿದ್ರೆ ಅಷ್ಟು ನೋಯ್ತಾನೇ ಇರ್ಲಿಲ್ಲ ಅಜ್ಜಿ," ಅಂದಳು.

ಒಂದು ಸಾರಿ ಅಂಥ ಕೆಲಸ ಮಾಡಿದ ಮಾಂಸ ಅದನ್ನು ಕಲಿತುಕೊಳ್ಳುತ್ತದಂತೆ. ಕೆಲವು ವಾರದೊಳಗೆ ಅದೇ ಇಳಿಜಾರನ್ನು ಮತ್ತೆ ಇಳಿದರೆ ನೋವು ತೀರ ಕಮ್ಮಿ ಬರುತ್ತದೆ, ಬಂದರೂ ಬೇಗ ಬಿಡುತ್ತದೆ. ನೋವನ್ನು ಕಮ್ಮಿ ಮಾಡುವುದು ಆಮೇಲೆ ಆರಿಸುವುದಲ್ಲ, ಮುಂಚೆಯೇ ಒಂದು ಸಾರಿ ಅನುಭವಿಸಿರುವುದು. ಗುಡ್ಡದಲ್ಲಿ ಓಡಿಸಿದ್ದು ತಪ್ಪಲ್ಲ, ಎರಡು ದಿನ ಮುಂಚೆ ಓಡಿಸಿದ್ದು ತಪ್ಪು. ಎರಡು ಮೂರು ವಾರ ಮುಂಚೆ ಅದೇ ಗುಡ್ಡ, ಸ್ವಲ್ಪ ಸ್ವಲ್ಪವಾಗಿ ಇಳಿಸಿದ್ದರೆ ಅಜ್ಜ ಒಳ್ಳೇ ಕೋಚೇ ಆಗ್ತಿದ್ರು ಅಂದಳು. ಹೇಳುತ್ತಾ ಕಣ್ಣು ಒರೆಸಿಕೊಂಡಳು.

ಅವರಿಗೆ ಹೇಳಬೇಕು ಅಂತ ಅಂದಿನಿಂದ ಇದೊಂದು ನನ್ನೊಳಗೆ ಕೂತಿದೆ. ಪರೀಕ್ಷೆ ಮಾಡುವ ಬುದ್ಧಿ ಇದ್ದ ಮನುಷ್ಯ, ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟರು. ಕೆಟ್ಟ ಸುದ್ದಿ ಸಿಕ್ಕಿತು, ಒಳ್ಳೆಯ ಸುದ್ದಿ ಅದೇ ಹೊಳೆಯ ಅದೇ ಮೆಟ್ಟಿಲ ಮೇಲೆ ಇನ್ನೊಂದು ದಿನಕ್ಕೆ ಕಾದಿತ್ತು. ಎರಡನೇ ಸಾರಿ ಇಳಿದು, ನೋಯದ ಕಾಲನ್ನು ನನ್ನ ಮುಂದೆ ಚಾಚಿ, ನೋಡೇ ಮಾರಾಯ್ತಿ ಅಂತ ಅವರು ಅನ್ನಬಹುದಿತ್ತು. ಮೈದಾನಕ್ಕೆ ವಾಪಸು ಹೋಗಬಹುದಿತ್ತು. ಅವಳ ಆಟವನ್ನು ಅಷ್ಟು ವರ್ಷ ನೋಡಬಹುದಿತ್ತು.

ಹೋದ ತಿಂಗಳು ಮೊಮ್ಮಗಳು ನನ್ನನ್ನು ತನ್ನ ಶಾಲೆಗೆ ಕರೆದುಕೊಂಡು ಹೋದಳು. ನನ್ನನ್ನು ಮೈದಾನದ ಪಕ್ಕ ಕುರ್ಚಿ ಹಾಕಿ ಕೂರಿಸಿ, ಬಂದ ಟೀಚರುಗಳಿಗೆಲ್ಲ ನಮ್ಮಜ್ಜಿ ಅಂದಳು. ನಾನು ಎಲ್ಲರಿಗೂ ಉಂಡೆ ಕೊಟ್ಟೆ. ಒಬ್ಬರಿಗೆ ಎರಡು ಸಾರಿ ಕೊಟ್ಟೆನಂತೆ, ಅವರು ಬೇಡ ಅನ್ನಲಿಲ್ಲ. ಅವಳ ಹುಡುಗಿಯರ ಖೊಖೊ ಟೀಮಿಗೆ ತಾಲ್ಲೂಕಿನ ಆಟ ಇನ್ನೂ ಮೂರು ವಾರವಿತ್ತು. ಎರಡು ದಿನದ ಹಿಂದೆ ಅವರನ್ನು ರಾಗಿಗುಡ್ಡಕ್ಕೆ ಕರೆದುಕೊಂಡು ಹೋಗಿದ್ದಳಂತೆ, ಈ ವರ್ಷಕ್ಕೆ ಅದೇ ಮೊದಲನೇ ಸಾರಿ, ಸ್ವಲ್ಪವೇ. ಆಟ ಮುಗಿಸಿ ಮೈದಾನಕ್ಕೆ ಮೆಲ್ಲಗೆ ಒಂದು ಸುತ್ತು ನಡೆಸುವುದನ್ನು ಅವಳು ಬಿಟ್ಟಿಲ್ಲ. ಉಸಿರು ತಗ್ಗಲಿ ಅಂತ. ಅದರಿಂದ ನಾಳೆ ನೋಯಲ್ಲ ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ.

ಬೆಲ್ ಹೊಡೆಯಿತು. ಮಹಡಿಯ ಕ್ಲಾಸಿನಿಂದ ಆ ಹುಡುಗಿಯರು ಇಳಿದು ಬರಬೇಕಿತ್ತು. ನಾನು ತಲೆಯೆತ್ತಿ ನೋಡಿದರೆ ಒಬ್ಬಳು ಮೆಟ್ಟಿಲ ಮೇಲೆ ಕಂಬಿ ಹಿಡಿದು ತಿರುಗಿ ನಿಂತಿದ್ದಾಳೆ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಅಷ್ಟೂ ಜನ ಹಿಮ್ಮುಖವಾಗಿ, ಅಯ್ಯಮ್ಮ ಅನ್ನುತ್ತಾ, ಒಬ್ಬರನ್ನೊಬ್ಬರು ಬೈಯುತ್ತಾ, ನಗುತ್ತಾ ಇಳಿಯುತ್ತಿದ್ದರು. ನಗು ನನಗೂ ಬಂತು. ಆಮೇಲೆ ಆ ಶನಿವಾರ ಬೆಳಗ್ಗೆಯ ಮೆಟ್ಟಿಲು ನೆನಪಾಗಿ ನಗು ನಿಂತಿತು.

ಮೊಮ್ಮಗಳು ಕೆಳಗೆ ನಿಂತು, "ಇನ್ನು ಎರಡು ದಿನ ಕಣ್ರೇ, ಹೋಗುತ್ತೆ. ಮುಂದಿನ ಸಾರಿ ಇಷ್ಟು ಬರಲ್ಲ" ಅಂತ ಕೂಗಿ ಹೇಳುತ್ತಿದ್ದಳು. ಹೇಳಿ ನನ್ನ ಕಡೆ ತಿರುಗಿ ನೋಡಿದಳು. ನಾನು ಪಕ್ಕದ ಕುರ್ಚಿಯ ಮೇಲಿದ್ದ ಉಂಡೆಯ ಡಬ್ಬಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ, ನಮ್ಮನೆಯವರು ಬಂದು ಕೂರುವುದಕ್ಕೆ ಜಾಗ ಮಾಡುವ ಹಾಗೆ.